ಬಿಳಿ ಕೂದಲು ಹಾಗೇ ಉಳೀತು, ಕಪ್ಪು ಕೂದಲು ಕಿತ್ತಳೆ ಆಯ್ತು: 30 ವಾಲ್ಯೂಮ್ ಡೆವಲಪರ್‌ನ ಒಂದು ಪ್ರಕರಣ

ಐವತ್ತು ದಾಟಿದ ಒಬ್ಬರು ಬುಡದ ಬಣ್ಣ ಸರಿ ಮಾಡಿಸಿಕೊಳ್ಳಲು ಬಂದಿದ್ದರು. ಒಂದು ತಿಂಗಳ ಹಿಂದೆ ಬೇರೆ ಕಡೆ ಬಣ್ಣ ಹಾಕಿಸಿದ್ದರು. ಕುರ್ಚಿಯಲ್ಲಿ ಕೂತವರೇ ಹೇಳಿದ್ದು ಇಷ್ಟು: "ಬಿಳಿ ಕೂದಲು ಮುಚ್ಚಿ ಅಂದಿದ್ದೆ. ಬಿಳಿದು ಹಾಗೇ ಇದೆ. ಕಪ್ಪಗಿದ್ದದ್ದು ಕಿತ್ತಳೆ ಆಗಿದೆ."

ಕನ್ನಡಿಯಲ್ಲಿ ನೋಡಿದರೆ ಅವರು ಹೇಳಿದ್ದರಲ್ಲಿ ಒಂದಿಷ್ಟೂ ಉತ್ಪ್ರೇಕ್ಷೆ ಇರಲಿಲ್ಲ. ಹಣೆಯ ಅಂಚಿನಲ್ಲಿ ಮತ್ತು ಕಿವಿಯ ಮುಂದೆ ಅರ್ಧಕ್ಕಿಂತ ಜಾಸ್ತಿ ನರೆ. ಅಲ್ಲಿ ಕೂದಲಿಗೆ ತೆಳು ಹಳದಿ ಹೊಳಪು ಬಂದಿತ್ತು, ಬೆಳಕಿಗೆ ಹಿಡಿದರೆ ಒಳಗಿನ ಬಿಳುಪು ಕಾಣುತ್ತಿತ್ತು. ತಲೆಯ ಹಿಂಭಾಗದಲ್ಲಿ ನರೆ ಕಡಿಮೆ, ಐದರಲ್ಲಿ ಒಂದು ಪಾಲು ಇರಬಹುದು. ಅಲ್ಲಿ ಕಪ್ಪು ಕೂದಲಿನ ಮೇಲೆ ಒಂದು ಕಿತ್ತಳೆ ಪಟ್ಟಿ ಎದ್ದು ಕಾಣುತ್ತಿತ್ತು. ಆ ಪಟ್ಟಿಯ ಕೆಳಗೆ ಹಳೆಯ ಗಾಢ ಬಣ್ಣದ ಉದ್ದ ಕೂದಲು. ಪಟ್ಟಿಯ ಮೇಲೆ, ನೆತ್ತಿಯ ಹತ್ತಿರ, ಸುಮಾರು ಒಂದು ಸೆಂಟಿಮೀಟರ್ ಹೊಸ ಬುಡ.

ಅದೃಷ್ಟಕ್ಕೆ ಹಿಂದಿನವರು ಕೊಟ್ಟ ಚೀಟಿ ಅವರ ಹತ್ತಿರ ಇತ್ತು. ಅದರಲ್ಲಿ ಹೀಗೆ ಬರೆದಿತ್ತು: ಶೇಡ್ 6.3, ಡೆವಲಪರ್ 30 ವಾಲ್ಯೂಮ್, ಅಳತೆ 1:2, ಮೂವತ್ತೈದು ನಿಮಿಷ. ಚೀಟಿ ಇದ್ದರೆ ಅರ್ಧ ಕೆಲಸ ಆದ ಹಾಗೆ. ಆಗಿದ್ದೇನು ಎಂದು ಊಹೆ ಮಾಡಬೇಕಾಗಿಲ್ಲ, ಒಂದೊಂದೇ ಸಂಖ್ಯೆ ಹಿಡಿದು ನೋಡಿದರೆ ಸಾಕು.

ಸಂಖ್ಯೆಗಳು ಹೇಳುವುದೇನು

ಮೊದಲು ಶೇಡ್. ಕೂದಲಿನ ಬಣ್ಣವನ್ನು 1ರಿಂದ 10ರವರೆಗೆ ಲೆವೆಲ್‌ಗಳಲ್ಲಿ ಅಳೆಯುತ್ತಾರೆ. 1 ಅಂದರೆ ಅಚ್ಚ ಕಪ್ಪು, 10 ಅಂದರೆ ಅತಿ ತಿಳಿ ಹೊಂಬಣ್ಣ. ಇವರ ಸಹಜ ಕೂದಲು 3. ನೋಡಿದವರು ಕಪ್ಪು ಅಂತಲೇ ಹೇಳುತ್ತಾರೆ, ಬಿಸಿಲಲ್ಲಿ ಮಾತ್ರ ಕಡು ಕಂದು. ಹಾಕಿದ್ದು 6.3. ಹೆಚ್ಚಿನ ಕಂಪನಿಗಳ ಲೆಕ್ಕದಲ್ಲಿ ಚುಕ್ಕೆಯ ಹಿಂದಿನದು ಲೆವೆಲ್, ಮುಂದಿನದು ಟೋನ್. ಇಲ್ಲಿನ ಟೋನ್ 3, ಅಂದರೆ ಗೋಲ್ಡ್. ಅಂದರೆ 3ನೇ ಲೆವೆಲ್ ಕೂದಲನ್ನು 6ಕ್ಕೆ ಏರಿಸಿ ಮೇಲೆ ಚಿನ್ನದ ಛಾಯೆ ಕೊಡುವುದು ಅವರ ಯೋಚನೆ. ಮೂರು ಲೆವೆಲ್ ಏರಬೇಕು, ಅದಕ್ಕೇ 30 ಹಿಡಿದಿದ್ದಾರೆ. ಕಪ್ಪು ಕೂದಲನ್ನಷ್ಟೇ ನೋಡಿದರೆ ಲೆಕ್ಕ ತಪ್ಪಲ್ಲ. ಆದರೆ ಬಂದವರು ಕೇಳಿದ್ದು ಬಿಳಿ ಕೂದಲಿನ ಬಗ್ಗೆ.

ಇನ್ನು ಡೆವಲಪರ್. ಅದು ಹೈಡ್ರೋಜನ್ ಪೆರಾಕ್ಸೈಡ್. 10 ವಾಲ್ಯೂಮ್ ಅಂದರೆ 3%, 20 ಅಂದರೆ 6%, 30 ಅಂದರೆ 9%, 40 ಅಂದರೆ 12%. ವಾಲ್ಯೂಮ್ ಅನ್ನೋದು ಆಮ್ಲಜನಕದ ಲೆಕ್ಕ. 20 ವಾಲ್ಯೂಮಿನ ಒಂದು ಮಿಲಿಲೀಟರ್ ಪೂರ್ತಿ ಒಡೆದರೆ ಸುಮಾರು 20 ಮಿಲಿಲೀಟರ್ ಆಮ್ಲಜನಕ ಹೊರಬರುತ್ತದೆ.

ಬಾಟಲಿಯಲ್ಲಿ ಇದು ಆಮ್ಲೀಯವಾಗಿ, ಸುಮ್ಮನೆ ಇರುತ್ತದೆ. ಟ್ಯೂಬಿನ ಕ್ರೀಮ್ ಜೊತೆ ಸೇರಿದಾಗ ಅದರಲ್ಲಿರುವ ಅಮೋನಿಯಾದಂಥ ಕ್ಷಾರ ಇದನ್ನು ಎಬ್ಬಿಸುತ್ತದೆ. ಅದೇ ಕ್ಷಾರ ಕೂದಲಿನ ಹೊರಪದರವಾದ ಕ್ಯೂಟಿಕಲ್ ಅನ್ನು ಉಬ್ಬಿಸಿ ದಾರಿ ಮಾಡಿಕೊಡುತ್ತದೆ. ಒಳಗೆ ಹೋದ ಪೆರಾಕ್ಸೈಡ್‌ಗೆ ಎರಡು ಕೆಲಸ. ಒಂದು, ಕೂದಲಿನ ಸ್ವಂತ ಬಣ್ಣವಾದ ಮೆಲನಿನ್ ಅನ್ನು ಒಡೆಯುವುದು. ಇದೇ ಲಿಫ್ಟ್. ಎರಡನೆಯದು, ಟ್ಯೂಬಿನಲ್ಲಿ ಬಣ್ಣವಿಲ್ಲದೆ ಬಂದ ಸಣ್ಣ ಡೈ ಕಣಗಳನ್ನು ಒಂದಕ್ಕೊಂದು ಜೋಡಿಸುವುದು. ಜೋಡಣೆಯಾದ ಮೇಲೆ ಅವು ದೊಡ್ಡದಾಗುತ್ತವೆ, ಬಣ್ಣ ಬರುತ್ತದೆ, ಬಂದ ದಾರಿಯಲ್ಲಿ ಸುಲಭವಾಗಿ ವಾಪಸ್ ಹೋಗಲಾರವು. ಬಣ್ಣ ಕೂರುವುದು ಅಂದರೆ ಇದು.

ಈ ಎರಡು ಕೆಲಸವನ್ನು ಬೇರೆ ಬೇರೆ ಮಾಡಿ ನೋಡದಿದ್ದರೆ ಈ ಪ್ರಕರಣ ಅರ್ಥ ಆಗುವುದಿಲ್ಲ. ಬಿಳಿ ಕೂದಲಿನಲ್ಲಿ ಮೆಲನಿನ್ ಇಲ್ಲ. ಅಲ್ಲಿ ಏರಿಸಲು ಏನೂ ಇಲ್ಲ. ಅದಕ್ಕೆ ಬೇಕಿರುವುದು ಎರಡನೆಯ ಕೆಲಸ ಮಾತ್ರ. 20ರ ಬದಲು 30 ಹಾಕಿದಾಗ ಹೆಚ್ಚುವರಿ ಬಲ ಹೋಗಿ ಬೀಳುವುದು ಪಕ್ಕದ ಕಪ್ಪು ಕೂದಲಿನ ಮೇಲೆ.

ಕಪ್ಪು ಕೂದಲು ಏರುವಾಗ ನೇರವಾಗಿ ಕಂದು ಆಗುವುದಿಲ್ಲ. ಮೆಲನಿನ್ ಒಡೆಯುತ್ತಾ ಹೋದಂತೆ ಅಡಿಯಲ್ಲಿರುವ ಬೆಚ್ಚಗಿನ ಬಣ್ಣ ಮೇಲೆ ಬರುತ್ತದೆ. 4ರ ಹತ್ತಿರ ಕೆಂಪು, 5ರಲ್ಲಿ ಕೆಂಪು ಕಿತ್ತಳೆ, 6ಕ್ಕೆ ಬಂದಾಗ ಕಿತ್ತಳೆ. ಅದರ ಮೇಲೆ ಹಾಕಿದ್ದು ಗೋಲ್ಡ್ ಟೋನ್. ಕಿತ್ತಳೆಯ ಮೇಲೆ ಚಿನ್ನ ಹಾಕಿದರೆ ಇನ್ನೂ ಕಿತ್ತಳೆಯೇ ಅಲ್ವಾ. ನೆತ್ತಿಯ ಬಿಸಿಗೆ ಬುಡದಲ್ಲಿ ಕೆಲಸ ಜೋರಾಗಿಯೂ ನಡೆಯುತ್ತದೆ. ಪಟ್ಟಿಯ ಒಳಗೇ ಇದು ಕಾಣುತ್ತಿತ್ತು. ಅಂದು ನೆತ್ತಿಗೆ ಅಂಟಿದ್ದ ಮೇಲಿನ ಭಾಗ ಜಾಸ್ತಿ ಉರಿಯುವ ಕಿತ್ತಳೆ, ಕೆಳಗಿನದು ಸ್ವಲ್ಪ ಮಂದ.

ಮೂರನೆಯದು ಅಳತೆ. ಇದನ್ನು ಬಹಳ ಜನ ನೋಡುವುದೇ ಇಲ್ಲ. ಅವರು ಬಳಸಿದ ಟ್ಯೂಬಿಗೆ ಕಂಪನಿ ಹೇಳಿದ್ದು 1:1.5, ಅಂದರೆ 40 ಗ್ರಾಂ ಕ್ರೀಮಿಗೆ 60 ಮಿಲಿಲೀಟರ್ ಡೆವಲಪರ್. ಆಗ ಬಟ್ಟಲಿನಲ್ಲಿ ಐದರಲ್ಲಿ ಎರಡು ಪಾಲು ಡೈ ಕ್ರೀಮ್. 1:2 ಮಾಡಿದಾಗ ಅದು ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಪೆರಾಕ್ಸೈಡ್ ಮಾತ್ರ ಏರಿತು. 9% ಡೆವಲಪರ್ 1:1.5ರಲ್ಲಿ ಬಟ್ಟಲಿಗೆ ಬರುವಾಗ 5.4%, 1:2ರಲ್ಲಿ 6%. ಅಂದರೆ ಬಲವೂ ಜಾಸ್ತಿ, ಬಣ್ಣವೂ ತೆಳು. ಏರಿಸುವುದಕ್ಕೆ ಇದು ಒಳ್ಳೆಯ ಜೋಡಿ, ಮುಚ್ಚುವುದಕ್ಕೆ ಕೆಟ್ಟ ಜೋಡಿ.

ತಪ್ಪು ಯಾವುದರದು

ಇಲ್ಲಿಗೆ ನಿಲ್ಲಿಸಿ "30 ಹಾಕಿದ್ದೇ ತಪ್ಪು" ಅಂದುಬಿಡುವುದು ಸುಲಭ. ಆದರೆ ಚೀಟಿಯಲ್ಲಿ ಮೂರು ಸಂಗತಿ ಇವೆ: ಡೆವಲಪರ್, ಅಳತೆ, ಟೋನ್. ಯಾವುದು ಎಷ್ಟು ಕೆಡಿಸಿತು ಎಂದು ತಿಳಿಯಬೇಕಾದರೆ ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಬೇಕು. ಹಾಗಾಗಿ ಕಿವಿಯ ಮುಂದಿನ ಹೊಸ ಬುಡ ಇರುವ ಜಾಗದಿಂದ ನರೆ ಎಳೆಗಳ ನಾಲ್ಕು ಸಣ್ಣ ಗುಚ್ಛ, ಹಿಂಭಾಗದ ಒಳಪದರದಿಂದ ಕಪ್ಪು ಕೂದಲಿನ ಮೂರು ಗುಚ್ಛ ಕತ್ತರಿಸಿಕೊಂಡೆ. ಹೊರಗೆ ಕಾಣದ ಜಾಗದಿಂದ, ಬೆಂಕಿಕಡ್ಡಿಯ ದಪ್ಪಕ್ಕಿಂತ ತೆಳ್ಳಗೆ. ಒಂದು ತುದಿಗೆ ಟೇಪ್ ಸುತ್ತಿ ಅದರ ಮೇಲೆ ಹೆಸರು ಬರೆದೆ.

ನರೆಯ ಮೂರು ಗುಚ್ಛಕ್ಕೂ ಒಂದೇ ಬಣ್ಣ: ಅರ್ಧ 5.0, ಅರ್ಧ 5.3. ಚುಕ್ಕೆಯ ಮುಂದೆ ಸೊನ್ನೆ ಇರುವುದು ನ್ಯಾಚುರಲ್ ಶೇಡ್. ಅದರಲ್ಲಿ ಕೆಂಪು, ಹಳದಿ, ನೀಲಿ ಮೂರೂ ಬೆರೆತಿರುತ್ತವೆ. ಮೆಲನಿನ್ ಇಲ್ಲದ ಕೂದಲಿಗೆ ಆಧಾರದ ಬಣ್ಣ ಬರುವುದು ಅದರಿಂದ. ಅಳತೆ ಮೂರಕ್ಕೂ 1:1.5, ಸಮಯ ಮೂರಕ್ಕೂ ನಲವತ್ತು ನಿಮಿಷ. ಬದಲಾದದ್ದು ಡೆವಲಪರ್ ಮಾತ್ರ: 10, 20, 30. ನಾಲ್ಕನೆಯ ಗುಚ್ಛಕ್ಕೆ ಬರೀ 5.3, 20ರ ಜೊತೆ.

ತೊಳೆದು, ಪೂರ್ತಿ ಒಣಗಿಸಿ, ಬಿಳಿ ಕಾಗದದ ಮೇಲೆ ಇಟ್ಟು ಕಿಟಕಿಯ ಬೆಳಕಲ್ಲಿ ನೋಡಿದೆ. ಒದ್ದೆ ಕೂದಲು ಯಾವಾಗಲೂ ಗಾಢವಾಗಿ ಕಾಣುತ್ತದೆ, ಅದನ್ನು ನಂಬಬಾರದು.

10ರ ಗುಚ್ಛದಲ್ಲಿ ಬಣ್ಣ ಬಂದಿತ್ತು, ಆದರೆ ಸಮನಾಗಿ ಅಲ್ಲ. ಕೆಲವು ಎಳೆ ಚೆನ್ನಾಗಿ ಹಿಡಿದಿದ್ದವು. ಗಾಜಿನ ಹಾಗೆ ನುಣುಪಾದ ದಪ್ಪ ಎಳೆಗಳು ಮಾತ್ರ ಬೂದು ಕಂದಾಗಿ ಉಳಿದಿದ್ದವು. ಇನ್ನೆರಡು ಸಲ ಶಾಂಪೂ ಹಾಕಿದಾಗ ಅವು ಇನ್ನೂ ತಿಳಿಯಾದವು. ಡೈ ಒಳಗೆ ಜೋಡಣೆಯಾಗಲು ಬೇಕಾದಷ್ಟು ಪೆರಾಕ್ಸೈಡ್ ಸಿಗದಿದ್ದರೆ ಹೀಗಾಗುತ್ತದೆ. ನರೆಯನ್ನು ಸ್ವಲ್ಪ ಮಸುಕು ಮಾಡಿ ಬೆರೆಸಿದರೆ ಸಾಕು ಅನ್ನುವವರಿಗೆ 10 ನಡೆಯುತ್ತದೆ. ಪೂರ್ತಿ ಮುಚ್ಚಬೇಕು ಅನ್ನುವವರಿಗೆ ಸಾಲದು.

20ರ ಗುಚ್ಛ ಗಟ್ಟಿಯಾಗಿತ್ತು. ಕಾಗದದ ಬಿಳುಪು ಎಳೆಯೊಳಗಿಂದ ಹಾಯ್ದು ಬರುತ್ತಿರಲಿಲ್ಲ. ಶೇಡ್ ಕಾರ್ಡಿನ 5ರ ಪಕ್ಕ ಇಟ್ಟರೆ ಹೊಂದಿಕೆಯಾಗುತ್ತಿತ್ತು.

30ರ ಗುಚ್ಛ ನೋಡಿ ಕೆಲವರಿಗೆ ಆಶ್ಚರ್ಯ ಆಗಬಹುದು. ಅದು ಕೆಟ್ಟಿರಲಿಲ್ಲ. ನರೆ ಮುಚ್ಚಿತ್ತು. 20ರ ಪಕ್ಕ ಇಟ್ಟಾಗ ಮಾತ್ರ ಒಂದು ಚೂರು ತಿಳಿ, ಒಂದಿಷ್ಟು ಪಾರದರ್ಶಕ, ತುದಿ ಮುಟ್ಟಿದರೆ ಸ್ವಲ್ಪ ಒರಟು. "30 ಹಾಕಿದರೆ ನರೆ ಮುಚ್ಚುವುದೇ ಇಲ್ಲ" ಅನ್ನೋ ಮಾತು ಸಲೂನ್‌ಗಳಲ್ಲಿ ಓಡಾಡುತ್ತದೆ, ಅದು ಅಷ್ಟು ಸರಿಯಲ್ಲ. ನ್ಯಾಚುರಲ್ ಶೇಡ್ ಇದ್ದು, ಅಳತೆ ಸರಿ ಇದ್ದರೆ ಮುಚ್ಚುತ್ತದೆ, ಆದರೆ 20ಕ್ಕಿಂತ ಉತ್ತಮವಾಗಿ ಅಲ್ಲ. ಬಲ ಹೆಚ್ಚಿಸಿದ್ದಕ್ಕೆ ನರೆಯ ವಿಷಯದಲ್ಲಿ ಲಾಭ ಏನೂ ಸಿಗಲಿಲ್ಲ, ಅಷ್ಟೇ.

ನಾಲ್ಕನೆಯದು, 20ರ ಜೊತೆ ಬರೀ ಗೋಲ್ಡ್, ಅವರ ಹಣೆಯ ಅಂಚಿನ ಕೂದಲಿನ ತಮ್ಮನಂತಿತ್ತು. ಅದೇ ಹಳದಿ ಹೊಳಪು, ಅದೇ ತೆಳುತನ. ಅಲ್ಲಿಗೆ ವಿಷಯ ಸ್ಪಷ್ಟ. ನರೆ ಹಾಗೇ ಉಳಿದದ್ದಕ್ಕೆ ಮುಖ್ಯ ಕಾರಣ ನ್ಯಾಚುರಲ್ ಶೇಡ್ ಸೇರಿಸದೇ ಇದ್ದದ್ದು. 1:2 ಅಳತೆ ಅದನ್ನು ಇನ್ನಷ್ಟು ತೆಳು ಮಾಡಿತು. ಡೆವಲಪರ್‌ನ ಪಾತ್ರ ಅಲ್ಲಿ ಸಣ್ಣದು. 30 ಹೊಡೆತ ಕೊಟ್ಟದ್ದು ಕಪ್ಪು ಕೂದಲಿಗೆ.

ಕಪ್ಪು ಗುಚ್ಛಗಳು ಅದನ್ನೇ ಹೇಳಿದವು. ಅದೇ ಮಿಶ್ರಣದಲ್ಲಿ 10ರದು ಹೆಚ್ಚುಕಮ್ಮಿ ಇದ್ದ ಹಾಗೇ ಇತ್ತು, ಬಿಸಿಲಲ್ಲಿ ಸ್ವಲ್ಪ ಹೊಳಪು ಬಂದಿತ್ತು. 20ರದು 4 ದಾಟಿ 5ರ ಹತ್ತಿರ ಬಂದಿತ್ತು, ಬೆಚ್ಚಗಿನ ಕಂದು. 30ರದು 5 ದಾಟಿತ್ತು, ಕೆಂಪು ಕಿತ್ತಳೆ ಛಾಯೆ ಚೆನ್ನಾಗಿ ಕಾಣುತ್ತಿತ್ತು. ಗುಚ್ಛ ಇದ್ದದ್ದು ತಟ್ಟೆಯ ಮೇಲೆ, ಅಲ್ಲಿ ನೆತ್ತಿಯ ಬಿಸಿ ಇಲ್ಲ. ತಲೆಯ ಮೇಲೆ ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಏರುತ್ತದೆ ಎಂದು ಲೆಕ್ಕ ಹಾಕಬೇಕು.

ಎರಡೂ ಸಾಲನ್ನು ಅಕ್ಕಪಕ್ಕ ಇಟ್ಟಾಗ ನನಗೆ ಮುಖ್ಯ ಅನಿಸಿದ್ದು ಒಂದು. 20ರಲ್ಲಿ ನರೆ ಗುಚ್ಛವೂ ಕಪ್ಪು ಗುಚ್ಛವೂ ಒಂದೇ ಬಣ್ಣದ ಹತ್ತಿರ ಬಂದು ನಿಂತಿದ್ದವು. 10ರಲ್ಲಿ ಬಿಳಿದು ತಿಳಿ, ಕಪ್ಪು ಕಪ್ಪೇ. 30ರಲ್ಲಿ ಬಿಳಿದು ಕಂದು, ಕಪ್ಪು ಕೆಂಪಾಗಿ ಓಡುತ್ತಿದೆ. ನರೆ ಮುಚ್ಚಿದೆ ಎಂದು ಕಣ್ಣಿಗೆ ಅನಿಸಬೇಕಾದರೆ ಬಿಳಿ ಎಳೆಗೆ ಬಣ್ಣ ಕೂತರಷ್ಟೇ ಸಾಲದು. ಪಕ್ಕದ ಎಳೆಗೆ ಅದು ಹೊಂದಬೇಕು.

ಸರಿಪಡಿಸಿದ ರೀತಿ

ಮೊದಲು ನೆತ್ತಿ ನೋಡಿದೆ. ಹಿಂದಿನ ಸಲ ಉರಿ ಬಂದಿತ್ತು ಎಂದು ಅವರೇ ಹೇಳಿದ್ದರು. 9% ಪೆರಾಕ್ಸೈಡ್ ನೆತ್ತಿಗೆ ತಾಗಿದಾಗ ಕೆಲವರಿಗೆ ಹಾಗಾಗುತ್ತದೆ. ಕೆಂಪು, ಗಾಯ, ಹೊಪ್ಪಳೆ ಏನೂ ಇರಲಿಲ್ಲ. ಕಿವಿಯ ಹಿಂದೆ ಪ್ಯಾಚ್ ಟೆಸ್ಟ್ ಮಾಡಿ 48 ಗಂಟೆ ಬಿಟ್ಟು ಬರಲು ಹೇಳಿದೆ. ಅಲರ್ಜಿ ತರುವುದು ಹೆಚ್ಚಾಗಿ ಡೈ, ಡೆವಲಪರ್ ಅಲ್ಲ. ಹಾಗಾಗಿ ವಾಲ್ಯೂಮ್ ಕಡಿಮೆ ಮಾಡಿದೆವು ಎಂದು ಇದನ್ನು ಬಿಡುವಂತಿಲ್ಲ.

ಅವರಿಗೆ 6 ಬೇಕಿತ್ತು. ನಾನು 5 ಅಂದೆ. 20ರಲ್ಲಿ ಅವರ ಕಪ್ಪು ಕೂದಲು ತಲುಪಬಹುದಾದ ಜಾಗ ಅದು. 6 ಬೇಕೆಂದರೆ ಮತ್ತೆ 30, ಮತ್ತೆ ಕಿತ್ತಳೆ. ಗುಚ್ಛಗಳನ್ನು ಕೈಗೆ ಕೊಟ್ಟೆ. "ಈ ಎರಡು ಒಂದೇ ತರ ಇದೆ, ಇದೇ ಇರಲಿ" ಎಂದು 20ರ ಜೋಡಿಯನ್ನೇ ಎತ್ತಿದರು.

ಕೆಲಸ ಮೂರು ಭಾಗ ಆಯಿತು.

ಹಣೆಯ ಅಂಚು ಮತ್ತು ಕಿವಿಯ ಮುಂದೆ ಮೊದಲು ಹಚ್ಚಿದೆ, ಏಕೆಂದರೆ ಅಲ್ಲಿಗೆ ಪೂರ್ತಿ ಸಮಯ ಬೇಕು. ಅರ್ಧ 5.0, ಅರ್ಧ 5.3, 20 ವಾಲ್ಯೂಮ್. ಈ ಕಂಪನಿ ಹಟಮಾರಿ ನರೆಗೆ 1:1 ಅಳತೆಗೂ ಒಪ್ಪಿಗೆ ಕೊಡುತ್ತದೆ, ಹಾಗಾಗಿ ಇಲ್ಲಿ ಅದನ್ನೇ ಹಿಡಿದೆ. ಬಟ್ಟಲಿನಲ್ಲಿ ಅರ್ಧದಷ್ಟು ಡೈ ಕ್ರೀಮ್ ಇರುತ್ತದೆ, ಪೆರಾಕ್ಸೈಡ್ 3% ಇರುತ್ತದೆ. ಮಿಶ್ರಣ ಗಟ್ಟಿ, ಜಾರುವುದಿಲ್ಲ. ತೆಳ್ಳಗೆ ಬೈತಲೆ ತೆಗೆದು, ಎಳೆ ಕಾಣದ ಹಾಗೆ ದಪ್ಪಕ್ಕೆ ಇಟ್ಟೆ. ತೆಳುವಾಗಿ ಸವರಿದರೆ ಅದು ಬೇಗ ಒಣಗುತ್ತದೆ, ಒಣಗಿದ ಕಡೆ ಬಣ್ಣ ಕೂರುವುದು ನಿಲ್ಲುತ್ತದೆ. ನರೆ ಹಿಡಿಯಲಿಲ್ಲ ಎಂದು ಡೆವಲಪರ್ ಅನ್ನು ಬೈಯುವ ಎಷ್ಟೋ ಕಡೆ ನಿಜವಾದ ಕಾರಣ ಇದೇ.

ಹಿಂಭಾಗದ ಹೊಸ ಬುಡಕ್ಕೆ ಅದೇ ಬಣ್ಣ, ಅದೇ 20, ಆದರೆ 1:1.5. ಇಲ್ಲಿ ನರೆ ಕಡಿಮೆ, ಏರಿಸುವ ಕೆಲಸ ಜಾಸ್ತಿ. ಬಟ್ಟಲಿನ ಪೆರಾಕ್ಸೈಡ್ 3.6% ಆಗುತ್ತದೆ. ವ್ಯತ್ಯಾಸ ಸಣ್ಣದು, ಆದರೆ ಬೇಕಾದ ದಿಕ್ಕಿನಲ್ಲೇ ಇದೆ. ಇಲ್ಲಿಗೆ 20 ಮತ್ತು 30 ಸಮ ಬೆರೆಸಿ 25, ಅಂದರೆ 7.5% ಮಾಡಬಹುದಿತ್ತು. ಗುಚ್ಛ 5ಕ್ಕೆ ಪೂರ್ತಿ ಮುಟ್ಟಿರಲಿಲ್ಲ ನಿಜ. ಆದರೆ ಆ ಕೊರತೆಯನ್ನು ನೆತ್ತಿಯ ಬಿಸಿ ತುಂಬುತ್ತದೆ ಎನ್ನುವ ಲೆಕ್ಕದಲ್ಲಿ 20ಕ್ಕೇ ನಿಂತೆ.

ಕಿತ್ತಳೆ ಪಟ್ಟಿಗೆ 10. ಅಲ್ಲಿ ಏರಿಸುವುದು ಮುಗಿದಿದೆ, ಜಾಸ್ತಿಯೇ ಆಗಿದೆ. 20 ಹಾಕಿದರೆ ಉಳಿದ ಮೆಲನಿನ್ ಇನ್ನಷ್ಟು ಒಡೆದು ಕಿತ್ತಳೆ ಹೆಚ್ಚುತ್ತಿತ್ತು. ಶೇಡ್‌ನಲ್ಲಿ ಗೋಲ್ಡ್ ಪೂರ್ತಿ ಬಿಟ್ಟೆ. 5.0 ಮೂರು ಪಾಲು, 5.1 ಒಂದು ಪಾಲು. .1 ಅಂದರೆ ಆ್ಯಶ್. ಈ ಕಂಪನಿಯ ಆ್ಯಶ್ ನೀಲಿ ಮೂಲದ್ದು, ನೀಲಿ ಕಿತ್ತಳೆಯನ್ನು ಅಡಗಿಸುತ್ತದೆ. ಇದೇ 10 ವಾಲ್ಯೂಮ್ ಹೊಸ ನರೆ ಗುಚ್ಛದಲ್ಲಿ ಸೋತಿತ್ತು, ಪಟ್ಟಿಯೊಳಗಿನ ಹಳದಿ ನರೆಯಲ್ಲಿ ಸೋಲಲಿಲ್ಲ. ಆ ಎಳೆಗಳು ಒಮ್ಮೆ 9%ಗೆ ತೆರೆದುಕೊಂಡಿವೆ, ಕ್ಯೂಟಿಕಲ್ ಸಡಿಲ ಆಗಿದೆ, ಬಣ್ಣ ಬೇಗ ಒಳಗೆ ಹೋಗುತ್ತದೆ. ಆದ್ದರಿಂದಲೇ ಇದನ್ನು ಕೊನೆಯಲ್ಲಿ ಹಚ್ಚಿ ಇಪ್ಪತ್ತು ನಿಮಿಷಕ್ಕೆ ಮುಗಿಸಿದೆ. ಮಧ್ಯೆ ಎರಡು ಸಲ ಒಂದು ಎಳೆ ಒರೆಸಿ ನೋಡುತ್ತಿದ್ದೆ. ಸಡಿಲ ಕೂದಲು ಬಣ್ಣ ಹೀರಿ ಬೇಕಿದ್ದಕ್ಕಿಂತ ಗಾಢ ಆಗಬಹುದು.

ಕೆಳಗಿನ ಹಳೆಯ ಗಾಢ ಕೂದಲನ್ನು ಮುಟ್ಟಲಿಲ್ಲ. ಅದರಲ್ಲಿ ಇರುವುದು ಹಾಕಿದ ಬಣ್ಣ. ಹೊಸ ಡೈ ಹಾಕಿ ಹಳೆಯ ಡೈಯನ್ನು ಏರಿಸಲು ಆಗುವುದಿಲ್ಲ, ಡೆವಲಪರ್ 40 ಇದ್ದರೂ ಅಷ್ಟೇ. ಅದಕ್ಕೆ ಬಣ್ಣ ತೆಗೆಯುವ ಬೇರೆ ವಿಧಾನ ಬೇಕು. ಅಂದಹಾಗೆ 40 ಈ ತಲೆಯಲ್ಲಿ ಎಲ್ಲೂ ಬರುವಂಥದ್ದಲ್ಲ. ಅದು ಹೈ ಲಿಫ್ಟ್ ಶೇಡ್‌ಗಳಿಗೆ, ಸಹಜವಾಗಿ ತಿಳಿ ಇರುವ ಕೂದಲಿಗೆ. ಆ ಶೇಡ್‌ಗಳಲ್ಲಿ ಡೈ ಕಡಿಮೆ, ಹಾಗಾಗಿ ಜಾಸ್ತಿ ನರೆ ಇರುವ ಕಡೆ ಅವು ಮುಚ್ಚುವುದಿಲ್ಲ. ನೆತ್ತಿಗೆ ತಾಗುವ ಹಾಗೆ 12% ಇಡುವುದನ್ನು ನಾನು ಮಾಡುವುದಿಲ್ಲ.

ಫಲಿತಾಂಶ, ಉಳಿದ ಕೊರತೆ

ಮುಂಭಾಗಕ್ಕೆ ಒಟ್ಟು ನಲವತ್ತೈದು ನಿಮಿಷ. ತೊಳೆದು ಒಣಗಿಸಿದಾಗ ನರೆ ಮುಚ್ಚಿತ್ತು, ಹಿಂಭಾಗದ ಬುಡ 5ಕ್ಕೆ ಬಂದಿತ್ತು. ಪಟ್ಟಿ ಹತ್ತಿರದಿಂದ ನೋಡಿದರೆ ಇನ್ನೂ ತುಸು ಬೆಚ್ಚಗೆ, ಎರಡಡಿ ದೂರದಿಂದ ಕಾಣುವುದಿಲ್ಲ. ಉದ್ದದ ಕೂದಲು ಗಾಢವಾಗಿಯೇ ಇದೆ. ಬುಡ ತಿಳಿ, ತುದಿ ಗಾಢ ಎನ್ನುವ ಆ ವ್ಯತ್ಯಾಸ ಅವರಿಗೆ ಪೂರ್ತಿ ಇಷ್ಟವಾಗಲಿಲ್ಲ. ಕತ್ತರಿಸುತ್ತಾ ಬಂದರೆ ಕಡಿಮೆಯಾಗುತ್ತದೆ ಎಂದು ಹೇಳಿ ಆ ದಿನವೇ ತುದಿ ಸ್ವಲ್ಪ ತೆಗೆದೆ.

ಹಣೆಯ ಅಂಚಿನಲ್ಲಿ ಬೆರಳೆಣಿಕೆಯ ಗಾಜಿನಂಥ ಎಳೆ ಮಾತ್ರ ಬಣ್ಣ ಹಿಡಿಯಲಿಲ್ಲ. ಅವಕ್ಕಾಗಿ ವಾಲ್ಯೂಮ್ ಏರಿಸುವ ಆಸೆ ಬರುತ್ತದೆ. ಅದು ಬೇಡ. ಮುಂದಿನ ಸಲಕ್ಕೆ ಬೇರೆ ದಾರಿ ಇಟ್ಟುಕೊಂಡಿದ್ದೇನೆ. ಆ ಎಳೆಗಳಿಗೆ ಮಾತ್ರ ಮೊದಲು 20 ವಾಲ್ಯೂಮ್ ಡೆವಲಪರ್ ಒಂದನ್ನೇ ಹಚ್ಚಿ ಹತ್ತು ನಿಮಿಷ ಬಿಟ್ಟು, ತೊಳೆಯದೆ ಒರೆಸಿ, ಮೇಲೆ ಬಣ್ಣ ಇಡುವುದು. ಇದರಿಂದ ಹೊರಪದರ ಸ್ವಲ್ಪ ಮೆತ್ತಗಾಗುತ್ತದೆ. ಎಲ್ಲರ ಕೂದಲಲ್ಲೂ ಒಂದೇ ಸಮ ಕೆಲಸ ಮಾಡುವುದಿಲ್ಲ, ಆದರೆ ಪಕ್ಕದ ಕಪ್ಪು ಕೂದಲನ್ನು ಕೆಡಿಸದೆ ಮಾಡಬಹುದಾದ ಮೊದಲ ಪ್ರಯತ್ನ ಇದು.

ಇನ್ನೊಂದು ಸಣ್ಣ ವಿಷಯ ಚೀಟಿಯಲ್ಲಿ ಸೇರಿಸಿದೆ: ಹೊಸದಾಗಿ ತೆರೆದ ಬಾಟಲಿ ಎಂದು. ಮುಚ್ಚಳ ಸಡಿಲ ಬಿಟ್ಟು, ಬಿಸಿಲು ಬೀಳುವ ಕಡೆ ಇಟ್ಟ 20 ವಾಲ್ಯೂಮ್ ಡೆವಲಪರ್ ತಿಂಗಳುಗಳು ಕಳೆದಂತೆ 20 ಆಗಿ ಉಳಿಯುವುದಿಲ್ಲ. ಲೇಬಲ್ ಮಾತ್ರ ಹಾಗೇ ಇರುತ್ತದೆ. ಲೋಹದ ಬಟ್ಟಲಿನಲ್ಲಿ ಕಲಸಿದರೂ ಪೆರಾಕ್ಸೈಡ್ ಬೇಗ ಒಡೆಯುತ್ತದೆ. ಇದೇ ಅಳತೆ ಮುಂದಿನ ಸಲ ಸೋತರೆ ಮೊದಲು ಬಾಟಲಿ ಬದಲಿಸಿ ನೋಡಬೇಕು, ವಾಲ್ಯೂಮ್ ಅಲ್ಲ.

ಹೋಗುವಾಗ ಅವರು ಮತ್ತೆ ಕೇಳಿದರು: "ಮುಂದಕ್ಕೆ 6 ಮಾಡೋಕೆ ಆಗೋದೇ ಇಲ್ವಾ?" ಆಗುತ್ತದೆ, ಆದರೆ ಬುಡಕ್ಕೆಲ್ಲ 30 ಹಚ್ಚಿ ಅಲ್ಲ. ಬುಡ 5ರಲ್ಲಿ, 20ರಲ್ಲಿ ಇರಲಿ. ಕಿತ್ತಳೆ ಪಟ್ಟಿ ಇನ್ನೊಂದು ಎರಡು ಇಂಚು ಕೆಳಗೆ ಇಳಿದ ಮೇಲೆ, ಮೇಲಿನ ಪದರದಲ್ಲಿ ತೆಳು ಎಳೆಗಳನ್ನು ಫಾಯಿಲ್‌ನಲ್ಲಿ ಸುತ್ತಿ, ಬ್ಲೀಚ್ ಪೌಡರ್ ಮತ್ತು 20 ವಾಲ್ಯೂಮಿನಲ್ಲಿ ಏರಿಸಿ, ಆಮೇಲೆ ಟೋನ್ ಕೊಡಬಹುದು. ಫಾಯಿಲ್ ನೆತ್ತಿಯಿಂದ ಸ್ವಲ್ಪ ದೂರ ಶುರುವಾಗುತ್ತದೆ, ಬಿಸಿ ತಾಗುವುದಿಲ್ಲ, ನರೆ ಮುಚ್ಚಿದ ಬುಡಕ್ಕೂ ತೊಂದರೆ ಇಲ್ಲ. ಅದಕ್ಕೆ ಮೊದಲು ಆ ಪಟ್ಟಿಯ ಒಂದು ಎಳೆ ಒದ್ದೆ ಮಾಡಿ ಎಳೆದು ನೋಡಬೇಕು. ರಬ್ಬರಿನ ಹಾಗೆ ಹಿಗ್ಗಿ ವಾಪಸ್ ಬರದಿದ್ದರೆ ಫಾಯಿಲ್ ಕೆಲಸ ಮುಂದಕ್ಕೆ ಹೋಗುತ್ತದೆ.